ಎರಡು ಏಸಿಗಳ ಸ್ಟಾರ್ ಲೇಬಲ್ ಫೋಟೋ ಇದೆ, ವರ್ಷದ ಕರೆಂಟ್ ಖರ್ಚು ಹೋಲಿಸೋದು ಹೇಗೆ?

ಬೇಸಿಗೆ_ಮನೆ

ಎಲ್ಲರಿಗೂ ನಮಸ್ಕಾರ. ಮಲಗುವ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಏಸಿ ಹಾಕಿಸಬೇಕು ಅಂತ ಇದ್ದೇವೆ. ಎರಡು ಮಾಡೆಲ್‌ಗೆ ಬಂದು ನಿಂತಿದ್ದೇವೆ. ಎರಡರ ಮೇಲೂ ಅಂಟಿಸಿರುವ ಸ್ಟಾರ್ ಲೇಬಲ್‌ನ ಫೋಟೋ ಫೋನಿನಲ್ಲಿದೆ. ಅದರಲ್ಲಿ ಇರೋದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು 5 ಸ್ಟಾರ್. ಐಎಸ್‌ಇಇಆರ್ 5.10, ಕೂಲಿಂಗ್ ಕೆಪಾಸಿಟಿ 5000 ವ್ಯಾಟ್, ವರ್ಷಕ್ಕೆ 760 ಯೂನಿಟ್.

ಎರಡನೆಯದು 3 ಸ್ಟಾರ್. ಐಎಸ್‌ಇಇಆರ್ 4.00, ಕೂಲಿಂಗ್ ಕೆಪಾಸಿಟಿ 4800 ವ್ಯಾಟ್. ವರ್ಷದ ಯೂನಿಟ್ ಮಾತ್ರ ಸರಿಯಾಗಿ ಕಾಣುತ್ತಿಲ್ಲ. ಮೊದಲ ಅಂಕಿ 9, ಕೊನೆಯದು 0. ಮಧ್ಯದ ಅಂಕಿಯ ಮೇಲೆ ಲೈಟಿನ ಬೆಳಕು ಹೊಳೆದು ಅದು 3ಓ 8ಓ ಗೊತ್ತಾಗುತ್ತಿಲ್ಲ. 930 ಇರಬಹುದು, 980 ಇರಬಹುದು.

ಕಳೆದ ತಿಂಗಳ ಕರೆಂಟ್ ಬಿಲ್ 130 ಯೂನಿಟ್‌ಗೆ 1240 ರೂಪಾಯಿ. ಭಾಗಿಸಿದರೆ ಯೂನಿಟ್‌ಗೆ 9.54. ಈ ದರ ಹಿಡಿದರೆ ಮೊದಲನೆಯದಕ್ಕೆ ವರ್ಷಕ್ಕೆ 7250, ಎರಡನೆಯದಕ್ಕೆ 8872 ಅಥವಾ 9349. ಅಂದರೆ ವರ್ಷಕ್ಕೆ 1600 ಉಳಿಯುತ್ತಾ, 2100 ಉಳಿಯುತ್ತಾ? ಬೆಲೆಯಲ್ಲಿ ಇರೋ ವ್ಯತ್ಯಾಸ ನೋಡಿದರೆ ಈ ಅಂಕಿಯ ಮೇಲೇ ನಮ್ಮ ನಿರ್ಧಾರ ನಿಂತಿದೆ. ತಿಳಿದವರು ಹೇಳಿ.

ಸ್ವಿಚ್_ಬೋರ್ಡ್

ಲೇಬಲ್ ಬಿಟ್ಟುಬಿಡಿ ಸರ್. ಅದು ಲ್ಯಾಬಿನ ಲೆಕ್ಕ. ಮನೆಯಲ್ಲಿ ಎಷ್ಟು ಬರುತ್ತೆ ಅಂತ ನೋಡೋಕೆ ನೇರ ದಾರಿ ಇದೆ. ಔಟ್‌ಡೋರ್ ಯೂನಿಟ್ ಮೇಲೆ ಪವರ್ ಇನ್‌ಪುಟ್ ಎಷ್ಟು ವ್ಯಾಟ್ ಅಂತ ಬರೆದಿರುತ್ತೆ. ಅದನ್ನು ಗಂಟೆಯಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಯೂನಿಟ್ ಬಂತು. ವರ್ಷದಲ್ಲಿ ಎಷ್ಟು ಗಂಟೆ ಹಾಕ್ತೀರಿ ಅಂತ ಮೊದಲು ಹೇಳಿ. ಅದಿಲ್ಲದೆ ಯಾವ ಲೆಕ್ಕವೂ ಆಗಲ್ಲ.

ಬೇಸಿಗೆ_ಮನೆ

ರಾತ್ರಿ ಮಾತ್ರ ಸರ್. ಹತ್ತರಿಂದ ಐದು, ಏಳು ಗಂಟೆ. ಮಾರ್ಚಿನಿಂದ ಜೂನ್ ತನಕ. 120 ರಾತ್ರಿ ಅಂತ ಹಿಡಿದರೆ 840 ಗಂಟೆ.

ಪವರ್ ಇನ್‌ಪುಟ್ ಬ್ರೋಷರ್‌ನಲ್ಲಿದೆ. 5 ಸ್ಟಾರಿಗೆ 1400 ವ್ಯಾಟ್, 3 ಸ್ಟಾರಿಗೆ 1480.

ಸ್ವಿಚ್_ಬೋರ್ಡ್

ನೋಡಿ, 1400ಕ್ಕೆ 1176 ಯೂನಿಟ್. 1480ಕ್ಕೆ 1243. ವ್ಯತ್ಯಾಸ ಬರೀ 67 ಯೂನಿಟ್. 5 ಸ್ಟಾರ್ ಅಂತ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ನೀಲಿ_ಕಿಟಕಿ

ಒಂದು ಸಂದೇಹ. ಲೇಬಲ್‌ನಲ್ಲಿ 5000 ವ್ಯಾಟ್ ಅಂತ ಇದೆಯಲ್ಲ? ಗಂಟೆಗೆ 5 ಯೂನಿಟ್ ಎಳೆಯುತ್ತೆ ಅಂತ ಅಲ್ವಾ? ಹಾಗಾದರೆ ಏಳು ಗಂಟೆಗೆ 35 ಯೂನಿಟ್! ನಮ್ಮ ಮನೆಯ ವೈರಿಂಗ್ ಇದನ್ನು ತಡೆಯಲ್ಲ ಅಂತ ಭಯವಾಗಿ ನಾವು ಏಸಿ ಆಸೆಯನ್ನೇ ಬಿಟ್ಟಿದ್ದೆವು.

ಮೀಟರ್_ಅಕ್ಕ

ನೀಲಿ ಕಿಟಕಿಯವರೇ, ಆ 5000 ವ್ಯಾಟ್ ಕರೆಂಟ್ ಅಲ್ಲ. ಏಸಿ ಒಂದು ಕ್ಷಣದಲ್ಲಿ ಕೋಣೆಯಿಂದ ಎತ್ತಿ ಹೊರಗೆ ಹಾಕುವ ಶಾಖದ ಅಳತೆ ಅದು. ಗೋಡೆಯಿಂದ ಎಳೆಯೋದು ಅವರೇ ಹೇಳಿದ 1400 ವ್ಯಾಟ್, ಅದೂ ಪೂರ್ತಿ ಓಟದಲ್ಲಿ. ವೈರಿಂಗ್ ಬಗ್ಗೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಆದರೆ 5000ದ ಭಯ ಬೇಡ.

ಬೇಸಿಗೆ ಮನೆಯವರೇ, ನಾನು ಎನರ್ಜಿ ಆಡಿಟ್ ಕೆಲಸ ಮಾಡುತ್ತೇನೆ. ಇಂಥ ಫೋಟೋಗಳನ್ನು ದಿನಾ ನೋಡುತ್ತೇನೆ. ಮೊದಲು ಆ ಕಾಣದ ಅಂಕಿ ಯಾವುದು ಅಂತ ಹಿಡಿಯೋಣ. ಅದಕ್ಕೆ ಇನ್ನೊಂದು ಫೋಟೋ ಬೇಕಾಗಿಲ್ಲ.

ಲೇಬಲ್‌ನಲ್ಲಿರುವ ಮೂರು ಸಂಖ್ಯೆಗಳು ಒಂದಕ್ಕೊಂದು ಕಟ್ಟಿಕೊಂಡಿವೆ. ಲೇಬಲ್ ಲೆಕ್ಕದ ಒಂದು ವರ್ಷದಲ್ಲಿ ಏಸಿ ಹೊರಗೆ ಹಾಕಿದ ಶಾಖವನ್ನು ಅದು ತಿಂದ ಕರೆಂಟಿನಿಂದ ಭಾಗಿಸಿದರೆ ಬರೋದೇ ಐಎಸ್‌ಇಇಆರ್. ಹಾಗಾಗಿ ವರ್ಷದ ಯೂನಿಟ್ಟನ್ನು ಐಎಸ್‌ಇಇಆರ್‌ನಿಂದ ಗುಣಿಸಿದರೆ ಒಟ್ಟು ಎಷ್ಟು ತಂಪು ಕೊಟ್ಟಿತು ಅಂತ ಸಿಗುತ್ತದೆ. ನಿಮ್ಮ 5 ಸ್ಟಾರಿಗೆ 760 × 5.10, ಅಂದರೆ 3876. ಅದರ ಕೆಪಾಸಿಟಿ 5 ಕಿಲೋವ್ಯಾಟ್. ಭಾಗಿಸಿದರೆ 775.

ಈ 775 ಆ ಕಂಪನಿಯದ್ದಲ್ಲ, ಲೆಕ್ಕದ ಕ್ರಮದ್ದು. ಹೊರಗಿನ ಉಷ್ಣಾಂಶ 24 ಡಿಗ್ರಿಯಿಂದ 43ರವರೆಗೆ ಯಾವ ಡಿಗ್ರಿಯಲ್ಲಿ ಎಷ್ಟು ಗಂಟೆ ಅಂತ ಒಂದೇ ಪಟ್ಟಿ ಇಟ್ಟುಕೊಂಡು ಎಲ್ಲ ಏಸಿಗೂ ಲೆಕ್ಕ ಹಾಕುತ್ತಾರೆ. ಹಾಗಾಗಿ ಇನ್ವರ್ಟರ್ ಸ್ಪ್ಲಿಟ್ ಏಸಿಗಳಲ್ಲಿ ಈ ಸಂಖ್ಯೆ ಒಂದರಿಂದ ಇನ್ನೊಂದಕ್ಕೆ ಅಷ್ಟಾಗಿ ಬದಲಾಗಲ್ಲ.

ಈಗ ನಿಮ್ಮ 3 ಸ್ಟಾರ್. 930 ಅಂತ ಹಿಡಿದರೆ 930 × 4.00 = 3720. 4.8ರಿಂದ ಭಾಗಿಸಿ, 775 ಬರುತ್ತದೆ. 980 ಅಂತ ಹಿಡಿದರೆ 817 ಬರುತ್ತದೆ. ಅಷ್ಟು ದೂರ ಹೋಗೋದಿಲ್ಲ. ನಿಮ್ಮ ಅಂಕಿ 930.

ಇದರಿಂದ 930ಓ 933ಓ ಅಂತ ಬಿಡಿಸಲು ಆಗಲ್ಲ, ಅಷ್ಟು ಸೂಕ್ಷ್ಮ ಅಲ್ಲ. ಆದರೆ ಫೋಟೋದಲ್ಲಿ ಮೋಸ ಮಾಡೋದು ಇಂಥ ಅಂಕಿಗಳೇ ಅಲ್ವಾ? 3 ಮತ್ತು 8, 1 ಮತ್ತು 7, 6 ಮತ್ತು 0. ಇನ್ನು ಕೆಲವು ಲೇಬಲ್‌ಗಳಲ್ಲಿ ದಶಮಾಂಶ ಇರುತ್ತದೆ. ಚುಕ್ಕಿ ಕಾಣದೆ 759.80 ಅನ್ನೋದನ್ನು 75980 ಅಂತ ಓದಿದವರನ್ನೂ ನೋಡಿದ್ದೇನೆ. ಈ ಒಂದು ಗುಣಾಕಾರ ಮಾಡಿದರೆ ಅವೆಲ್ಲ ಕೂಡಲೇ ಸಿಕ್ಕಿಬೀಳುತ್ತವೆ.

ಬೇಸಿಗೆ_ಮನೆ

ಅಕ್ಕಾ, ಇದು ಗೊತ್ತೇ ಇರಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ಮಾಡಿ ಕಣ್ಣು ನೋಯಿಸಿಕೊಂಡಿದ್ದೆ. ಹಾಗಾದರೆ 760 ಮತ್ತು 930. ವ್ಯತ್ಯಾಸ 170 ಯೂನಿಟ್. ಯೂನಿಟ್‌ಗೆ 9.54ರಂತೆ 1622 ರೂಪಾಯಿ. ಇಷ್ಟೇ ತಾನೇ?

ಮೀಟರ್_ಅಕ್ಕ

ಇಲ್ಲ, ಇನ್ನೂ ಎರಡು ಕಡೆ ತಿದ್ದಬೇಕು. ಮೊದಲನೆಯದು ಗಂಟೆ. ಲೇಬಲ್‌ನ ವರ್ಷ ಅಂದರೆ 365 ದಿನ ಅಲ್ಲ, 1600 ಗಂಟೆ. ಸ್ವಿಚ್ ಬೋರ್ಡ್ ಅವರು ಗಂಟೆ ಕೇಳಿದ್ದು ಸರಿಯಾಗಿಯೇ ಇದೆ. ನಿಮ್ಮದು 840. ಅಂದರೆ ಲೇಬಲ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 840ನ್ನು 1600ರಿಂದ ಭಾಗಿಸಿದರೆ 0.525. ಲೇಬಲ್ ಯೂನಿಟ್ಟನ್ನು ಅದರಿಂದ ಗುಣಿಸಿ. 5 ಸ್ಟಾರಿಗೆ 399 ಯೂನಿಟ್ ಆಯಿತು.

ಎರಡನೆಯದನ್ನು ಬಹಳ ಜನ ಗಮನಿಸಲ್ಲ. ನಿಮ್ಮ ಎರಡು ಏಸಿಗಳ ಕೆಪಾಸಿಟಿ ಒಂದೇ ಅಲ್ಲ. ಒಂದು 5000, ಇನ್ನೊಂದು 4800. ಲೇಬಲ್ ಲೆಕ್ಕ ಹಾಕುವಾಗ ಹೊರಗೆ 35 ಡಿಗ್ರಿ ಇದ್ದರೆ ಕೋಣೆಗೆ ಬೇಕಾದ ತಂಪು ಆ ಏಸಿಯ ಪೂರ್ತಿ ಕೆಪಾಸಿಟಿಯಷ್ಟು ಅಂತ ಇಟ್ಟುಕೊಳ್ಳುತ್ತಾರೆ. ಅಂದರೆ 4800ರ ಏಸಿಗೆ ಕಾಗದದ ಮೇಲೆ ಸ್ವಲ್ಪ ಚಿಕ್ಕ ಕೋಣೆ ಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಕೋಣೆ ಒಂದೇ. ಯಾವ ಏಸಿ ಹಾಕಿದರೂ ಗೋಡೆ, ಸೂರು, ಕಿಟಕಿಯಿಂದ ಬರುವ ಶಾಖ ಅಷ್ಟೇ.

ಹಾಗಾಗಿ ಎರಡಕ್ಕೂ ಒಂದೇ ಕೆಲಸ ಕೊಟ್ಟು ನೋಡಬೇಕು. 5 ಸ್ಟಾರ್ ಮಾಡಿದ 3876ರ ಕೆಲಸವನ್ನೇ 3 ಸ್ಟಾರಿಗೆ ಕೊಡಿ. 3876ನ್ನು 4.00ರಿಂದ ಭಾಗಿಸಿದರೆ 969 ಯೂನಿಟ್. ಲೇಬಲ್‌ನ 930 ಅಲ್ಲ. 0.525ರಿಂದ ಗುಣಿಸಿ, ನಿಮ್ಮ 840 ಗಂಟೆಗೆ 509.

ನಿಮ್ಮ ಬಳಕೆಗೆ 399 ಮತ್ತು 509. ವ್ಯತ್ಯಾಸ 110 ಯೂನಿಟ್.

ಸ್ವಿಚ್_ಬೋರ್ಡ್

ಮೇಡಂ, ನೂರಕ್ಕೆ ನಾಲ್ಕು ಕೆಪಾಸಿಟಿ ವ್ಯತ್ಯಾಸಕ್ಕೆ ಇಷ್ಟೊಂದು ಲೆಕ್ಕ ಬೇಕಾ? ಅಷ್ಟಕ್ಕೂ ನಾನು ಹೇಳಿದ್ದರಲ್ಲಿ ತಪ್ಪೇನಿದೆ? ವ್ಯಾಟ್ ಇಂಟು ಗಂಟೆ ಅಂದರೆ ಯೂನಿಟ್. ಯಾರು ಹೇಳಿದರೂ ಅದೇ.

ಮೀಟರ್_ಅಕ್ಕ

ಒಟ್ಟು ಯೂನಿಟ್ ನೋಡಿದರೆ ನಾಲ್ಕು ಪರ್ಸೆಂಟ್ ಸಣ್ಣದೇ. ಆದರೆ ನಾವಿಲ್ಲಿ ನೋಡುತ್ತಿರೋದು ಎರಡರ ನಡುವಿನ ಅಂತರ. ಲೇಬಲ್‌ಗಳನ್ನು ಹಾಗೇ ಕಳೆದರೆ 170, ಕೆಲಸ ಸಮ ಮಾಡಿದರೆ 209. ಸುಮಾರು ಐದನೇ ಒಂದು ಪಾಲು ಅಲ್ಲಿ ತಪ್ಪಿಹೋಗುತ್ತಿತ್ತು.

ನಿಮ್ಮ ಸೂತ್ರ ಸರಿ ಸರ್, ಅದಕ್ಕೆ ಹಾಕಿದ ವ್ಯಾಟ್ ಸರಿಯಲ್ಲ. ಆ 1400 ವ್ಯಾಟ್ ಹೊರಗೆ 35 ಡಿಗ್ರಿ ಇದ್ದು ಏಸಿ ಪೂರ್ತಿ ಕೆಪಾಸಿಟಿಯಲ್ಲಿ ಓಡುವಾಗಿನದು. ಇನ್ವರ್ಟರ್ ಏಸಿ ಕೋಣೆ ತಂಪಾದ ಮೇಲೆ ಕಂಪ್ರೆಸರ್ ವೇಗ ಇಳಿಸುತ್ತದೆ. ಲೇಬಲ್ ಪ್ರಕಾರ 760ನ್ನು 1600 ಗಂಟೆಗೆ ಹಂಚಿದರೆ ಸರಾಸರಿ 475 ವ್ಯಾಟ್ ಮಾತ್ರ. ಇನ್ನು ನೀವು 1480ರಿಂದ 1400 ಕಳೆದಿರಿ. ಆ 1480 ವ್ಯಾಟಿಗೆ ಸಿಗೋದು 4800ರ ತಂಪು, 1400ಕ್ಕೆ ಸಿಗೋದು 5000ದ ತಂಪು. ಅದಕ್ಕೇ ನಿಮ್ಮ 67 ಅಷ್ಟು ಚಿಕ್ಕದಾಗಿ ಕಂಡಿತು.

ಸ್ವಿಚ್_ಬೋರ್ಡ್

ಆ ಎರಡನೇ ಮಾತು ಒಪ್ಪಿದೆ. 475 ವ್ಯಾಟ್ ಮಾತ್ರ ಒಪ್ಪಲ್ಲ. ನಾನು ಹಾಕಿಸಿದ ಏಸಿಗಳಲ್ಲಿ ಸಂಜೆ ಆನ್ ಮಾಡಿದ ಮೊದಲ ಅರ್ಧ ಗಂಟೆ ಕ್ಲಾಂಪ್ ಮೀಟರ್ ಹಿಡಿದು ನೋಡಿದ್ದೇನೆ. ಪೂರ್ತಿ ಎಳೆಯುತ್ತೆ.

ರಸೀದಿ_ಪುಸ್ತಕ

ಯೂನಿಟ್ ವಿಷಯ ನೀವು ನೋಡಿಕೊಳ್ಳಿ. ನಾನು ರೂಪಾಯಿ ಕಡೆ ಬರುತ್ತೇನೆ. ಆ 9.54 ತಪ್ಪು ದರ. ಬೇಸಿಗೆ ಮನೆಯವರೇ, ಬಿಲ್ಲಿನಲ್ಲಿರುವ ಸಾಲುಗಳನ್ನು ಒಂದೊಂದಾಗಿ ಬರೆಯಿರಿ. ಒಟ್ಟು ಮೊತ್ತ ಬೇಡ.

ಬೇಸಿಗೆ_ಮನೆ

ನಿಗದಿತ ಶುಲ್ಕ 450.
ಮೊದಲ 100 ಯೂನಿಟ್‌ಗೆ 5 ರೂಪಾಯಿಯಂತೆ 500.
ಉಳಿದ 30 ಯೂನಿಟ್‌ಗೆ 7.50ರಂತೆ 225.
ವಿದ್ಯುತ್ ಬಳಕೆಯ ಮೇಲೆ ತೆರಿಗೆ 9 ಪರ್ಸೆಂಟ್, 65.25.
ಒಟ್ಟು 1240.25.

ರಸೀದಿ_ಪುಸ್ತಕ

ಇದರಲ್ಲಿ ನಿಗದಿತ ಶುಲ್ಕ ನೀವು ಏಸಿ ಹಾಕಿದರೂ ಬರುತ್ತೆ, ಹಾಕದಿದ್ದರೂ ಬರುತ್ತೆ. ಯಾವ ಏಸಿ ತಗೊಂಡರೂ ಅದು ಬದಲಾಗಲ್ಲ. (ಏಸಿಗಾಗಿ ಮಂಜೂರಾದ ಲೋಡ್ ಹೆಚ್ಚಿಸಿಕೊಂಡರೆ ಏರಬಹುದು, ಆದರೆ ಎರಡು ಏಸಿಗೂ ಅದು ಒಂದೇ.) ಆದ್ದರಿಂದ ಹೋಲಿಕೆಯಿಂದ ಅದನ್ನು ತೆಗೆದುಬಿಡಿ.

ಆಮೇಲೆ ಸ್ಲ್ಯಾಬ್. ಏಸಿ ಇಲ್ಲದೆಯೇ ನೀವು 130 ಯೂನಿಟ್ ಸುಡುತ್ತಿದ್ದೀರಿ. 5 ರೂಪಾಯಿಯ ನೂರು ಯೂನಿಟ್ ಆಗಲೇ ಮುಗಿದಿದೆ. ಏಸಿಯ ಪ್ರತಿ ಯೂನಿಟ್ಟೂ 7.50ರ ಸ್ಲ್ಯಾಬಿನಲ್ಲೇ ಕೂರುತ್ತೆ. ಅದಕ್ಕೆ 9 ಪರ್ಸೆಂಟ್ ತೆರಿಗೆ ಸೇರಿಸಿದರೆ 8.18. ನಿಮ್ಮ ಲೆಕ್ಕಕ್ಕೆ ಬೇಕಾದ ದರ ಇದು.

399 ಯೂನಿಟ್‌ಗೆ ಸುಮಾರು 3260 ರೂಪಾಯಿ. 509ಕ್ಕೆ ಸುಮಾರು 4160. ವ್ಯತ್ಯಾಸ ವರ್ಷಕ್ಕೆ 900.

ನೀವು ಮೊದಲು ಹಾಕಿದ 1622ಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ. ಇದರಲ್ಲಿ ದರದ ಪಾಲು ಕಡಿಮೆ, ಗಂಟೆಯ ಪಾಲು ಜಾಸ್ತಿ.

ಮೂರನೇ_ಮಹಡಿ

ನಮ್ಮ ಮನೆಯಲ್ಲಿ ಏಸಿ ಇಲ್ಲದಾಗ ತಿಂಗಳಿಗೆ 70 ಯೂನಿಟ್ ಅಷ್ಟೇ. ಆಗ ಏಸಿಯ ಮೊದಲ 30 ಯೂನಿಟ್ 5 ರೂಪಾಯಿಯ ಸ್ಲ್ಯಾಬಿನಲ್ಲಿ ಬರುತ್ತಲ್ಲ? ನಮಗೆ ವ್ಯತ್ಯಾಸ 900ಕ್ಕಿಂತ ಕಡಿಮೆ ಆಗುತ್ತಾ?

ರಸೀದಿ_ಪುಸ್ತಕ

ಒಳ್ಳೆಯ ಪ್ರಶ್ನೆ. ಒಟ್ಟು ಖರ್ಚು ಕಡಿಮೆ ಆಗುತ್ತೆ, ವ್ಯತ್ಯಾಸ ಕಡಿಮೆ ಆಗಲ್ಲ. ಅವರ ಅಂಕಿಯನ್ನೇ ನಾಲ್ಕು ತಿಂಗಳಿಗೆ ಹಂಚಿ. 5 ಸ್ಟಾರ್ ತಿಂಗಳಿಗೆ 100 ಯೂನಿಟ್, 3 ಸ್ಟಾರ್ 127. ನಿಮ್ಮ 70ರ ಮೇಲೆ ಹಾಕಿದರೆ 170 ಮತ್ತು 197. ಅಗ್ಗದ 30 ಯೂನಿಟ್ ಎರಡು ಏಸಿಗೂ ಸಿಕ್ಕಿತು. ಜಾಸ್ತಿ ಸುಡುವ ಆ 27 ಯೂನಿಟ್ ಪೂರ್ತಿ ಮೇಲಿನ ಸ್ಲ್ಯಾಬಿನಲ್ಲೇ ಇದೆ. ಎರಡನ್ನು ಹೋಲಿಸುವಾಗ ನೋಡಬೇಕಾದ್ದು ಬಿಲ್ಲಿನ ಕೊನೆಯ ಯೂನಿಟ್ಟಿನ ದರ.

ಮೂರನೇ_ಮಹಡಿ

ಆದರೆ ನಮಗೆ ಇನ್ನೊಂದು ತೊಡಕಿದೆ. 200 ಯೂನಿಟ್ ದಾಟಿದರೆ ಉಚಿತ ಹೋಗಿ ಪೂರ್ತಿ ಬಿಲ್ ಕಟ್ಟಬೇಕು. ನೀವು ಹೇಳಿದ 197 ಕೇಳಿ ಎದೆ ಧಸಕ್ಕೆಂದಿತು.

ರಸೀದಿ_ಪುಸ್ತಕ

ಹಾಗಿದ್ದರೆ ನಿಮಗೆ ವರ್ಷದ ಸರಾಸರಿ ಇಟ್ಟುಕೊಂಡು ಲೆಕ್ಕ ಮಾಡೋದೇ ತಪ್ಪು. ತಿಂಗಳು ತಿಂಗಳು ಬೇರೆ ಬೇರೆ ನೋಡಬೇಕು. ಮಾರ್ಚಿನಲ್ಲಿ 3 ಸ್ಟಾರ್ ಹಾಕಿದರೂ 180 ದಾಟದಿರಬಹುದು. ಮೇ ತಿಂಗಳಲ್ಲಿ 5 ಸ್ಟಾರ್ ಕೂಡ 200ರ ಹತ್ತಿರ ಹೋಗಬಹುದು. ಮಿತಿಯ ಎರಡೂ ಕಡೆ ಒಂದೊಂದು ಏಸಿ ಬೀಳುವ ತಿಂಗಳು ವರ್ಷದಲ್ಲಿ ಒಂದೇ ಬಂದರೂ ಆ ತಿಂಗಳ ವ್ಯತ್ಯಾಸ 27 ಯೂನಿಟ್ಟಿನದಲ್ಲ, ಇಡೀ ಬಿಲ್ಲಿನದು. ಜೊತೆಗೆ ಉಚಿತದ ಮಿತಿ ಎಲ್ಲರಿಗೂ 200 ಅಲ್ಲ, ನಿಮ್ಮ ಹಿಂದಿನ ಸರಾಸರಿಗೆ ತಕ್ಕಂತೆ ಇರುತ್ತೆ. ಅದಕ್ಕಿಂತ ಜಾಸ್ತಿ ಬಳಸಿದ್ದಕ್ಕೆ 200ರ ಒಳಗಿದ್ದರೂ ದುಡ್ಡು ಕಟ್ಟಬೇಕು. ಬಿಲ್ಲಿನಲ್ಲಿ ನಿಮ್ಮ ಅರ್ಹ ಯೂನಿಟ್ ಎಷ್ಟು ಅಂತ ನೋಡಿಕೊಂಡು ಬನ್ನಿ.

ಅರಳಿಕಟ್ಟೆ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮದು ಫ್ರಿಜ್. ಎರಡು ಫ್ರಿಜ್ ನೋಡಿದ್ದೇವೆ, ಎರಡೂ 3 ಸ್ಟಾರ್. ಒಂದರ ಲೇಬಲ್‌ನಲ್ಲಿ ವರ್ಷಕ್ಕೆ 200 ಯೂನಿಟ್, ಇನ್ನೊಂದರಲ್ಲಿ 235. ಸ್ಟಾರ್ ಒಂದೇ ಇದ್ದ ಮೇಲೆ ಕರೆಂಟೂ ಒಂದೇ ಇರಬೇಕಲ್ವಾ? ಪ್ರಿಂಟಿನಲ್ಲಿ ತಪ್ಪಾಗಿದೆಯಾ? ಇದಕ್ಕೂ ಗಂಟೆ ಲೆಕ್ಕ ಹಾಕಬೇಕಾ?

ಮೀಟರ್_ಅಕ್ಕ

ಪ್ರಿಂಟ್ ತಪ್ಪಲ್ಲ. ಎರಡನೆಯದು ದೊಡ್ಡ ಫ್ರಿಜ್ ಇರಬೇಕು, ಲೀಟರ್ ನೋಡಿ. ಸ್ಟಾರ್ ಕೊಡೋದು ಅದರ ಗಾತ್ರಕ್ಕೆ ಎಷ್ಟು ಸಲ್ಲುತ್ತೋ ಅದಕ್ಕೆ ಹೋಲಿಸಿ. ದೊಡ್ಡದಕ್ಕೆ ಸ್ವಲ್ಪ ಜಾಸ್ತಿ ಯೂನಿಟ್ ಬಿಟ್ಟುಕೊಡುತ್ತಾರೆ. ಬಿಲ್ ಕಟ್ಟುವಾಗ ಯೂನಿಟ್ಟೇ ಲೆಕ್ಕ, ಸ್ಟಾರ್ ಅಲ್ಲ.

ಗಂಟೆಯ ಲೆಕ್ಕ ಬೇಡ. ಫ್ರಿಜ್ ವರ್ಷಪೂರ್ತಿ ಓಡುತ್ತದೆ, ಲೇಬಲ್ ಕೂಡ ಹಾಗೇ ಹಿಡಿದಿದೆ. 35 ಯೂನಿಟ್ಟನ್ನು ನಿಮ್ಮ ಕೊನೆಯ ಸ್ಲ್ಯಾಬಿನ ದರದಿಂದ ಗುಣಿಸಿದರೆ ಮುಗಿಯಿತು. ನಿಮಗೆ ಆ ದೊಡ್ಡ ಗಾತ್ರ ಬೇಕೇ ಬೇಕಾದರೆ ಅದಷ್ಟು ಖರ್ಚು ಅದರ ಜೊತೆಗೇ ಬರುತ್ತದೆ.

ತಾರಸಿ

ಮೀಟರ್ ಅಕ್ಕ, ನಿಮ್ಮ ಲೆಕ್ಕವನ್ನು ಪೂರ್ತಿ ಓದಿದೆ. ಒಂದು ಕಡೆ ನನಗೆ ಒಪ್ಪಿಗೆ ಇಲ್ಲ.

ನಮ್ಮದು ಮೇಲಿನ ಮಹಡಿ. ಬಿಸಿಲೆಲ್ಲ ಹೀರಿಕೊಂಡ ಆರ್‌ಸಿಸಿ ಸೂರು ರಾತ್ರಿ ಎರಡರ ತನಕ ಶಾಖ ಬಿಡುತ್ತಲೇ ಇರುತ್ತೆ. ಏಸಿ ಲೈನಿಗೆ ಬೇರೆ ಸಬ್‌ಮೀಟರ್ ಹಾಕಿಸಿದ್ದೇನೆ. 5 ಸ್ಟಾರ್, ಲೇಬಲ್ ನಿಮ್ಮದರ ಹಾಗೇ ಇದೆ. ಅದರ ಪ್ರಕಾರ ಏಳು ಗಂಟೆಗೆ ಮೂರೂ ಕಾಲು ಯೂನಿಟ್ ಆಗಬೇಕು. ಮೇ ತಿಂಗಳಲ್ಲಿ ನಮಗೆ ರಾತ್ರಿಗೆ 5ರ ಹತ್ತಿರ ಬರುತ್ತೆ. ಹಾಗಿದ್ದ ಮೇಲೆ ಈ 0.525 ಅನ್ನೋ ಲೆಕ್ಕ ಹೇಗೆ ನಂಬೋದು?

ಇನ್ನೂ ಒಂದು ಮಾತು. 5 ಸ್ಟಾರಿನ ಹೆಚ್ಚುಗಾರಿಕೆ ಎಲ್ಲ ಅರ್ಧ ಓಟದಲ್ಲಿ ಇದೆ. ಪೂರ್ತಿ ಓಡುವಾಗ ಎರಡರ ನಡುವೆ ಅಷ್ಟು ಅಂತರ ಇಲ್ಲ. ಅವರು ಕೊಟ್ಟ ಅಂಕಿಯನ್ನೇ ನೋಡಿ. 5000ನ್ನು 1400ರಿಂದ ಭಾಗಿಸಿದರೆ 3.57. 4800ನ್ನು 1480ರಿಂದ ಭಾಗಿಸಿದರೆ 3.24. ಹತ್ತು ಪರ್ಸೆಂಟ್ ವ್ಯತ್ಯಾಸ. ಐಎಸ್‌ಇಇಆರ್ ನೋಡಿದರೆ 27 ಪರ್ಸೆಂಟ್ ಅನ್ನುತ್ತೆ. ಬಿಸಿ ಕೋಣೆಯವರಿಗೆ 27 ಸಿಗಲ್ಲ.

ಮೀಟರ್_ಅಕ್ಕ

ತಾರಸಿಯವರೇ, ನಿಮ್ಮ ಅಳತೆ ಸರಿಯಾಗೇ ಇದೆ ಅನ್ನಿಸುತ್ತದೆ. ಏಸಿ ಎಷ್ಟಕ್ಕೆ ಇಟ್ಟಿರುತ್ತೀರಿ?

ತಾರಸಿ

22. ಮಗು ಇದೆ, ಸೆಕೆಗೆ ಎದ್ದುಬಿಡುತ್ತೆ.

ಮೀಟರ್_ಅಕ್ಕ

ಲೇಬಲ್‌ಗಾಗಿ ಪರೀಕ್ಷೆ ಮಾಡುವಾಗ ಕೋಣೆಯ ಒಳಗೆ 27 ಡಿಗ್ರಿ ಇರುತ್ತದೆ. ನೀವು 22ಕ್ಕೆ ಇಟ್ಟರೆ, ಅದರ ಮೇಲೆ ಸೂರೂ ಕಾದಿದ್ದರೆ, ಲೇಬಲ್‌ಗಿಂತ ಜಾಸ್ತಿ ಬರಲೇಬೇಕು. ಹಾಗಾಗಿ 399 ಅನ್ನೋದು ನಿಮ್ಮ ಮನೆಯ ಬಿಲ್ಲಿನ ಭವಿಷ್ಯ ಅಲ್ಲ. ಮೇ ತಿಂಗಳೊಂದರಲ್ಲೇ ನೋಡಿದರೆ ಇನ್ನೂ ದೂರ ಇರುತ್ತದೆ, ಯಾಕೆಂದರೆ ಲೇಬಲ್ ತಂಪಾದ ಗಂಟೆಗಳನ್ನೂ ಸೇರಿಸಿ ಸರಾಸರಿ ಹಿಡಿದಿದೆ.

ಪರ್ಸೆಂಟಿನ ಮಾತೂ ಸರಿ. ಓಟ ಹೆಚ್ಚಿದಂತೆ 27 ಇಳಿಯುತ್ತಾ ಹತ್ತರ ಕಡೆಗೆ ಬರುತ್ತದೆ. ಆದರೆ ಅದೇ ಹೊತ್ತಿಗೆ ಒಟ್ಟು ಯೂನಿಟ್ ಏರಿರುತ್ತದೆ ಅಲ್ವಾ? ತುದಿಯ ಲೆಕ್ಕ ಹಾಕಿ ನೋಡೋಣ. 840 ಗಂಟೆಯೂ ಏಸಿ ಪೂರ್ತಿ ಓಡಿತು ಅಂತ ಇಟ್ಟುಕೊಳ್ಳಿ. ಸ್ವಿಚ್ ಬೋರ್ಡ್ ಅವರ 1176 ಯೂನಿಟ್ 5 ಸ್ಟಾರಿಗೆ. ಅಷ್ಟೇ ತಂಪನ್ನು 3 ಸ್ಟಾರಿನಿಂದ ತೆಗೆಯೋಕೆ ಹತ್ತು ಪರ್ಸೆಂಟ್ ಜಾಸ್ತಿ, ಸುಮಾರು 1295. ವ್ಯತ್ಯಾಸ 120 ಯೂನಿಟ್. ಲೇಬಲ್ ದಾರಿಯಲ್ಲಿ ಬಂದದ್ದು 110.

ಎರಡು ತುದಿಗಳಲ್ಲೂ ಬಿಲ್ ಮೂರು ಪಟ್ಟು ಬೇರೆ. ಎರಡು ಏಸಿಗಳ ನಡುವಿನ ಅಂತರ ಮಾತ್ರ ಹೆಚ್ಚುಕಡಿಮೆ ಅಲ್ಲೇ ಇದೆ. ಬೇಸಿಗೆ ಮನೆಯವರು ಕೇಳಿದ್ದು ಅಂತರವನ್ನು. ಅದಕ್ಕೇ 900 ಅನ್ನೋದನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ತಾರಸಿ

ತುದಿ ಎರಡೂ ಸರಿಹೋಯಿತು. ನಾವಿರೋದು ನಡುವೆ. ಮುಕ್ಕಾಲು ಓಟದಲ್ಲಿ ಆ ಎರಡು ಏಸಿ ಎಷ್ಟೆಷ್ಟು ತಿನ್ನುತ್ತೆ ಅಂತ ಲೇಬಲ್‌ನಲ್ಲೂ ಇಲ್ಲ, ಬ್ರೋಷರ್‌ನಲ್ಲೂ ಇಲ್ಲ. ಅಲ್ಲಿ ಅಂತರ 110 ಇರಬಹುದು, 180 ಇರಬಹುದು. ಅಲ್ಲದೆ 5000ದ ಕೆಲಸವನ್ನು 4800ರದ್ದು ಮಾಡೋಕೇ ಆಗಲ್ಲ. ಅಂಥ ರಾತ್ರಿ ಅದು ಕರೆಂಟ್ ಕಡಿಮೆ ತಿಂದು ಕೋಣೆಯನ್ನು ಬೆಚ್ಚಗೆ ಬಿಡುತ್ತೆ. ಅದನ್ನು ಉಳಿತಾಯ ಅಂತ ಬರೆಯೋದಾ?

ಮೀಟರ್_ಅಕ್ಕ

ಮುಕ್ಕಾಲು ಓಟದ ಅಂಕಿ ನನ್ನ ಹತ್ತಿರವೂ ಇಲ್ಲ. ಆ ಜಾಗದಲ್ಲಿ ಅಂತರ ಎರಡೂ ತುದಿಗಿಂತ ಜಾಸ್ತಿ ಇರಬಹುದು ಅನ್ನೋದನ್ನು ಒಪ್ಪುತ್ತೇನೆ. ಉಳಿತಾಯ ಅಂತ ಖಂಡಿತ ಬರೆಯಬಾರದು.

ಬೇಸಿಗೆ_ಮನೆ

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಬೆಲೆ ವ್ಯತ್ಯಾಸವನ್ನು 900ರಿಂದ ಭಾಗಿಸಿದರೆ ಹತ್ತು ವರ್ಷ ದಾಟುತ್ತಿದೆ. ಹಾಗಾದರೆ 3 ಸ್ಟಾರೇ ಸಾಕು ಅಂದುಕೊಂಡೆ. ಅಷ್ಟರಲ್ಲಿ ಮನೆಯವರು ಒಂದು ಮಾತು ಹೇಳಿದರು. ಮುಂದಿನ ಬೇಸಿಗೆಗೆ ಅತ್ತೆ ನಮ್ಮ ಜೊತೆ ಇರೋಕೆ ಬರುತ್ತಾರೆ. ಮಧ್ಯಾಹ್ನ ನಾಲ್ಕು ಗಂಟೆ ಏಸಿ ಬೇಕೇ ಬೇಕು. ದಿನಕ್ಕೆ ಏಳರ ಬದಲು ಹನ್ನೊಂದು ಗಂಟೆ. ಈಗ ಏನಾಗುತ್ತೆ?

ರಸೀದಿ_ಪುಸ್ತಕ

120 ದಿನಕ್ಕೆ 1320 ಗಂಟೆ. ಅಕ್ಕ ಹೇಳಿದ 209 ಯೂನಿಟ್ 1600 ಗಂಟೆಗೆ. 1320ಕ್ಕೆ 172 ಯೂನಿಟ್. 8.18ರಂತೆ ಸುಮಾರು 1410 ರೂಪಾಯಿ. ನಿಮ್ಮ ಹತ್ತು ವರ್ಷ ಆರೂವರೆಗೆ ಬಂತು. ದರ ಏರಿದರೆ ಇನ್ನೂ ಕಡಿಮೆ ಆಗುತ್ತೆ, ಆದರೆ ಅದನ್ನು ನಾನು ಲೆಕ್ಕಕ್ಕೆ ಸೇರಿಸಲ್ಲ.

ಸ್ವಿಚ್_ಬೋರ್ಡ್

ಮಧ್ಯಾಹ್ನದ ಗಂಟೆ ಮತ್ತು ರಾತ್ರಿಯ ಗಂಟೆ ಒಂದೇ ಅಲ್ಲ ಸರ್. ಮಧ್ಯಾಹ್ನ ಎರಡಕ್ಕೆ ಔಟ್‌ಡೋರ್ ಯೂನಿಟ್ ಬಿಸಿಲಲ್ಲೇ ಕೂತಿರುತ್ತೆ. ಆಗ ನನ್ನ ಪವರ್ ಇನ್‌ಪುಟ್ ಲೆಕ್ಕವೇ ಹತ್ತಿರ ಬರೋದು. ಏಸಿ ಯಾವುದೇ ತಗೊಳ್ಳಿ, ಔಟ್‌ಡೋರ್ ಯೂನಿಟ್ಟನ್ನು ನೆರಳಿರುವ ಗೋಡೆಗೆ ಹಾಕಿಸಿ.

ಮೀಟರ್_ಅಕ್ಕ

ನೆರಳಿನ ಮಾತು ಬಹಳ ಸರಿ.

ದುಡ್ಡು ಕೊಡುವ ಮುಂಚೆ ಫೋಟೋದಲ್ಲಿ ಇನ್ನೊಂದು ಸಾಲು ನೋಡಿ. ಲೇಬಲ್‌ನಲ್ಲಿ ಅದು ಯಾವ ಅವಧಿಗೆ ಸಲ್ಲುತ್ತದೆ ಅಂತ ದಿನಾಂಕ ಇರುತ್ತದೆ. ಸ್ಟಾರ್ ಕೊಡುವ ನಿಯಮ ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುತ್ತದೆ. ಎರಡು ಲೇಬಲ್ ಬೇರೆ ಬೇರೆ ಅವಧಿಯವಾದರೆ ಒಂದರ 5 ಸ್ಟಾರ್ ಇನ್ನೊಂದರ 4ಕ್ಕೆ ಸಮ ಆಗಿರಬಹುದು. ಹಾಗಿದ್ದರೂ ಐಎಸ್‌ಇಇಆರ್ ಎದುರು ಐಎಸ್‌ಇಇಆರ್ ಇಟ್ಟು ಹೋಲಿಸಬಹುದು, ಅದಕ್ಕೇ ನಾನು ಸ್ಟಾರನ್ನು ಲೆಕ್ಕಕ್ಕೇ ತಗೊಂಡಿಲ್ಲ. ಮಾಡೆಲ್ ನಂಬರನ್ನೂ ಬಿಲ್ ಮಾಡಿಸುವ ಡಬ್ಬಿಯ ಮೇಲಿನದಕ್ಕೆ ತಾಳೆ ನೋಡಿ. ಒಂದು ಅಕ್ಷರ ಬೇರೆ ಇದ್ದರೂ ಅದು ಬೇರೆ ಏಸಿ. ಬಿಇಇಯ ಸ್ಟಾರ್ ಲೇಬಲ್ ಆಪ್‌ನಲ್ಲಿ ಆ ನಂಬರ್ ಹಾಕಿದರೆ ಅದೇ 930 ಬರಬೇಕು.

ಬೇಸಿಗೆ_ಮನೆ

ನೋಡಿದೆ ಅಕ್ಕಾ. ಅವಧಿ ಎರಡರದ್ದೂ ಒಂದೇ. ಆಪ್‌ನಲ್ಲಿ ಎರಡನೆಯದಕ್ಕೆ 930 ಅಂತಲೇ ಇದೆ.

ಅತ್ತೆ ಬರೋದು ಖಾತ್ರಿ ಆದ ಮೇಲೆ ತೀರ್ಮಾನ ಮಾಡುತ್ತೇವೆ. ತಾರಸಿಯವರೇ, ನಿಮ್ಮ ಸಬ್‌ಮೀಟರ್‌ನಲ್ಲಿ ಮಧ್ಯಾಹ್ನದ ರೀಡಿಂಗ್ ಏನಾದರೂ ಇದೆಯಾ?

ತಾರಸಿ

ಇಲ್ಲಿಯವರೆಗೆ ರಾತ್ರಿಯದು ಮಾತ್ರ ಬರೆದಿಟ್ಟಿದ್ದೇನೆ. ಈ ಭಾನುವಾರ ಮಧ್ಯಾಹ್ನ ಒಂದರಿಂದ ಐದರ ತನಕ 24ಕ್ಕೆ ಇಟ್ಟು ಓಡಿಸಿ, ಗಂಟೆ ಗಂಟೆಗೆ ರೀಡಿಂಗ್ ತೆಗೆದು ಇಲ್ಲೇ ಹಾಕುತ್ತೇನೆ.